ಕಡಲ ಗಾಳಿಯಂತ್ರದ ಬುಡ: ಗ್ರೌಟ್ ಜೋಡಣೆ ಜಾರಿದ್ದು ಯಾಕೆ?

ಕಡಲ ಗಾಳಿಯಂತ್ರದ ಬುಡದಲ್ಲಿ ಎಷ್ಟು ವಿಧ ಅಂತ ಕೇಳಿದರೆ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾನೂ ಮೊದಲು ಅದನ್ನೇ ಬಾಯಿಪಾಠ ಮಾಡಿದ್ದೆ. ಆದರೆ ವಿಷಯ ನಿಜವಾಗಿ ತಲೆಗೆ ಹತ್ತಿದ್ದು, ಒಂದು ಜೋಡಣೆ ಹೇಗೆ ಕೈಕೊಟ್ಟಿತು ಅಂತ ಓದಿದ ಮೇಲೆ. ಹಾಗಾಗಿ ಈ ಟಿಪ್ಪಣಿಯಲ್ಲಿ ವಿಧಗಳನ್ನು ಬೇಗ ಮುಗಿಸಿ, ಆ ಜೋಡಣೆಯ ಹತ್ತಿರ ಹೋಗೋಣ.

ಯಾವ ಬುಡ ಬೇಕು ಅನ್ನೋದನ್ನು ಮುಖ್ಯವಾಗಿ ನೀರಿನ ಆಳ ಮತ್ತು ತಳದ ಮಣ್ಣು ತೀರ್ಮಾನಿಸುತ್ತವೆ. ಆಳ ಕಡಿಮೆ ಇದ್ದರೆ ಭಾರವಾದ ಕಾಂಕ್ರೀಟ್ ಬುಡವನ್ನು ತಳದ ಮೇಲೆ ಕೂರಿಸಬಹುದು. ಅದು ತನ್ನ ತೂಕದಿಂದಲೇ ನಿಲ್ಲುತ್ತದೆ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ನಿಂತ 11 ಯಂತ್ರಗಳು ಹೀಗೇ ಇದ್ದವು. ಆಳ ಜಾಸ್ತಿಯಾದಂತೆ ಜಾಕೆಟ್ ಬರುತ್ತದೆ. ಅಂದರೆ ಉಕ್ಕಿನ ಕೊಳವೆಗಳನ್ನು ಹೆಣೆದು ಮಾಡಿದ, ಮೂರು ಅಥವಾ ನಾಲ್ಕು ಕಾಲಿನ ಚೌಕಟ್ಟು. ಇನ್ನೂ ಆಳಕ್ಕೆ ಹೋದರೆ ತೇಲುವ ಬುಡವನ್ನು ಲಂಗರಿಗೆ ಸರಪಳಿಯಿಂದ ಕಟ್ಟುತ್ತಾರೆ. ಸ್ಕಾಟ್‌ಲೆಂಡಿನ ಹೈವಿಂಡ್‌ನಲ್ಲಿ 2017ರಿಂದ ಇಂಥ 5 ಯಂತ್ರಗಳಿವೆ.

ಆದರೆ ಯುರೋಪಿನ ಕಡಲಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋದು ಮೊನೊಪೈಲ್. ಒಂದೇ ಒಂದು ದೊಡ್ಡ ಉಕ್ಕಿನ ಕೊಳವೆ. ಹಡಗಿನಿಂದ ಅದನ್ನು ನೆಟ್ಟಗೆ ಹಿಡಿದು, ಹೈಡ್ರಾಲಿಕ್ ಸುತ್ತಿಗೆಯಿಂದ ತಳಕ್ಕೆ ಬಡಿದು ಇಳಿಸುತ್ತಾರೆ. ಕೇಳೋಕೆ ಸುಲಭ. ಆದರೆ ಇಲ್ಲಿ ಎರಡು ತೊಂದರೆ ಇವೆ. ಬಡಿದು ಇಳಿಸಿದ ಕೊಳವೆ ಎಷ್ಟೇ ಎಚ್ಚರ ವಹಿಸಿದರೂ ಸ್ವಲ್ಪ ವಾಲಿರುತ್ತದೆ. ಜೊತೆಗೆ ಸಾವಿರಾರು ಏಟು ತಿಂದ ಅದರ ಮೇಲ್ತುದಿಗೆ ಗೋಪುರವನ್ನು ನೇರವಾಗಿ ಬೋಲ್ಟ್ ಮಾಡೋದು ಅಪಾಯ ಅಂತ ಆಗ ಅಂದುಕೊಂಡಿದ್ದರು.

ಎರಡಕ್ಕೂ ಪರಿಹಾರವಾಗಿ ಬಂದದ್ದು ಟ್ರಾನ್ಸಿಷನ್ ಪೀಸ್. ಇದು ಮೊನೊಪೈಲಿಗಿಂತ ಸ್ವಲ್ಪ ಅಗಲವಾದ ಇನ್ನೊಂದು ಕೊಳವೆ. ಇದನ್ನು ಮೇಲಿನಿಂದ ಟೋಪಿಯ ಹಾಗೆ ಇಳಿಸುತ್ತಾರೆ. ಒಳಗೋಡೆಗೆ ಬೆಸೆದ ಬ್ರಾಕೆಟ್‌ಗಳು ಜ್ಯಾಕ್‌ಗಳ ಮೂಲಕ ಪೈಲಿನ ತುದಿಯ ಮೇಲೆ ಕೂರುತ್ತವೆ. ಜ್ಯಾಕ್ ಏರಿಸಿ ಇಳಿಸಿ ಅದನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಆಮೇಲೆ ಎರಡು ಕೊಳವೆಗಳ ನಡುವಿನ ಸಂದಿಗೆ ಗ್ರೌಟ್, ಅಂದರೆ ತುಂಬಾ ಗಟ್ಟಿಯಾಗುವ ಸಿಮೆಂಟ್ ಗಾರೆ, ಪಂಪ್ ಮಾಡುತ್ತಾರೆ. ಗ್ರೌಟ್ ಗಟ್ಟಿಯಾದ ಮೇಲೆ ಜ್ಯಾಕ್ ತೆಗೆಯುತ್ತಾರೆ. ಬ್ರಾಕೆಟ್ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಇನ್ನು ಮೇಲಿನ ತೂಕವೆಲ್ಲ ಗ್ರೌಟ್ ಮೇಲೆ. ಈ ಖಾಲಿ ಜಾಗವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ನಾನು ಹಿಡಿದುಕೊಂಡವು. ಪೈಲಿನ ವ್ಯಾಸ 4 ಮೀಟರ್, ಎರಡು ಕೊಳವೆ ಒಂದರೊಳಗೊಂದು ಕೂತಿರುವ ಉದ್ದ 6 ಮೀಟರ್. ಗ್ರೌಟ್ ಅಂಟಿರುವ ಮೈ 3.14 × 4 × 6, ಅಂದರೆ ಸುಮಾರು 75 ಚದರ ಮೀಟರ್. ಮೇಲಿನ ತೂಕ 400 ಟನ್, ಅಂದರೆ ಸುಮಾರು 4 ಮೆಗಾನ್ಯೂಟನ್. ಭಾಗಿಸಿದರೆ ಬರೋದು 0.05 ಮೆಗಾಪ್ಯಾಸ್ಕಲ್ ಅಷ್ಟೇ. ಗ್ರೌಟ್ ಒತ್ತಡ ತಡೆಯುವ ಶಕ್ತಿ 100 ಮೆಗಾಪ್ಯಾಸ್ಕಲಿನ ಆಸುಪಾಸು ಇರುತ್ತದೆ. ಹೀಗೆ ನೋಡಿದರೆ ಚಿಂತೆಯೇ ಇಲ್ಲ, ಅಲ್ವಾ?

ಆದರೆ ಇದು ತೂಕದ ಲೆಕ್ಕ ಮಾತ್ರ. ಗಾಳಿ ಗೋಪುರದ ಮೇಲ್ತುದಿಯನ್ನು ಪಕ್ಕಕ್ಕೆ ತಳ್ಳುತ್ತಿದೆ. ತಳ್ಳುವ ಬಲ 0.5 ಮೆಗಾನ್ಯೂಟನ್, ಎತ್ತರ 80 ಮೀಟರ್ ಅಂತ ಇಟ್ಟುಕೊಳ್ಳಿ. ಬುಡವನ್ನು ಬಾಗಿಸುವ ಮೊಮೆಂಟ್ 40 ಮೆಗಾನ್ಯೂಟನ್ ಮೀಟರ್ ಆಯಿತು. ಇದನ್ನು ತಡೆಯೋದು ಜೋಡಣೆಯ ಮೇಲ್ತುದಿ ಒಂದು ಕಡೆ, ಕೆಳತುದಿ ಇನ್ನೊಂದು ಕಡೆ ಒತ್ತುವುದರಿಂದ. ಆ ಎರಡರ ಅಂತರ 4 ಮೀಟರ್ ಅಂದರೆ ಪಕ್ಕದ ಒತ್ತು 10 ಮೆಗಾನ್ಯೂಟನ್. ತೂಕದ ಎರಡೂವರೆ ಪಟ್ಟು! ಅದೂ ಒಂದೇ ಸಮ ಇರೋದಿಲ್ಲ. ಅಲೆ ಬಂದು ಹೋದ ಹಾಗೆ ಏರುತ್ತದೆ, ಇಳಿಯುತ್ತದೆ. 5 ಸೆಕೆಂಡಿಗೊಂದು ಅಲೆ ಅಂದರೂ ವರ್ಷಕ್ಕೆ ಸುಮಾರು 63 ಲಕ್ಷ ಸಲ.

ಹೀಗೆ ಒತ್ತಿ ಬಿಟ್ಟು ಮಾಡಿದಾಗ ದುಂಡಗಿನ ಕೊಳವೆ ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಉಕ್ಕಿಗೂ ಗ್ರೌಟಿಗೂ ನಡುವೆ ಸಣ್ಣ ಬಿರುಕು ತೆರೆಯುತ್ತದೆ. ಅಂಟು ಬಿಟ್ಟುಹೋಗುತ್ತದೆ. ಆಮೇಲೆ ಹಿಡಿದಿಡೋದು ಬರೀ ಘರ್ಷಣೆ. ಉಕ್ಕಿನ ಮೈ ನುಣ್ಣಗಿದ್ದು, ಗೋಡೆಗಳು ಸಮಾನಾಂತರವಾಗಿದ್ದರೆ, ಪ್ರತಿ ತೂಗಾಟಕ್ಕೂ ಟ್ರಾನ್ಸಿಷನ್ ಪೀಸ್ ಒಂದಿಷ್ಟು ಕೆಳಗೆ ಜಾರುತ್ತದೆ. ಹಳೆಯ ವಿನ್ಯಾಸ ನೆಚ್ಚಿಕೊಂಡಿದ್ದ ಪರೀಕ್ಷೆಗಳು ಸಣ್ಣ ಕೊಳವೆಗಳ ಮೇಲೆ ಮಾಡಿದವು. ದೊಡ್ಡ ವ್ಯಾಸದ ಕೊಳವೆಗೆ ಆ ಅಂಟು ಅಷ್ಟಾಗಿ ಒದಗುವುದಿಲ್ಲ. 2009ರ ಹೊತ್ತಿಗೆ ಉತ್ತರ ಸಮುದ್ರದ ಯಂತ್ರಗಳಲ್ಲಿ ಇದು ಕಣ್ಣಿಗೆ ಬಿತ್ತು. ನೆದರ್‌ಲ್ಯಾಂಡ್ಸ್ ಕರಾವಳಿಯ ಎಗ್ಮಂಡ್ ಆನ್ ಝೇ ಅದರಲ್ಲಿ ಒಂದು. ಪ್ರಮಾಣೀಕರಣ ಸಂಸ್ಥೆ ಡಿಎನ್‌ವಿ ಉದ್ಯಮದ ಕಂಪನಿಗಳನ್ನು ಸೇರಿಸಿಕೊಂಡು ಅಧ್ಯಯನ ನಡೆಸಿ, ನಿಯಮ ಬದಲಿಸಿತು.

ಜಾರಿದ್ದು ಗೊತ್ತಾಗೋದು ಹೇಗೆ? ಆ ಖಾಲಿ ಜಾಗದಿಂದ. ಟ್ರಾನ್ಸಿಷನ್ ಪೀಸಿನ ಒಳಗಿಳಿದು ಪ್ರತಿ ಬ್ರಾಕೆಟ್ ಕೆಳಗೆ ಟಾರ್ಚ್ ಬಿಟ್ಟು ನೋಡಬೇಕು. ಸಂದಿ ಮೊದಲ ಅಳತೆಗಿಂತ ಕಿರಿದಾಗಿದ್ದರೆ ಜಾರಿದೆ ಅಂತ ಅರ್ಥ. ಬ್ರಾಕೆಟ್ ಪೈಲಿನ ತುದಿಗೆ ತಾಗಿ ಬಣ್ಣ ಜಜ್ಜಿಹೋಗಿದ್ದರೆ ವಿಷಯ ಗಂಭೀರ. ಜೋಡಣೆಯ ತುದಿಯಲ್ಲಿ ಗ್ರೌಟ್ ಪುಡಿ ಉದುರಿರೋದು ಇನ್ನೊಂದು ಗುರುತು. ಬ್ರಾಕೆಟ್ ಮಾಡಿದ್ದು ಕಟ್ಟುವ ಕೆಲವು ದಿನಕ್ಕಾಗಿ. ಇಡೀ ಗೋಪುರ ಅದರ ಮೇಲೆ ಕೂತು ಅಲುಗಾಡಿದರೆ ಬೆಸುಗೆಯಲ್ಲಿ ಬಿರುಕು ಬರುತ್ತದೆ.

ರಿಪೇರಿ ಅಂದರೆ ಗ್ರೌಟ್ ಒಡೆದು ಹೊಸದಾಗಿ ತುಂಬೋದಲ್ಲ. ಪೈಲಿನ ತುದಿಗೂ ಟ್ರಾನ್ಸಿಷನ್ ಪೀಸಿಗೂ ನಡುವೆ ಹೊಸ, ಬಲವಾದ ಬ್ರಾಕೆಟ್ ಕೂರಿಸಿ, ಅದರ ಕೆಳಗೆ ರಬ್ಬರ್ ಮತ್ತು ಉಕ್ಕಿನ ಪದರಗಳ ಬೇರಿಂಗ್ ಇಡುತ್ತಾರೆ. ತೂಕ ಅದರ ಮೂಲಕ ಇಳಿಯುತ್ತದೆ. ರಬ್ಬರ್ ಅಲುಗಾಟವನ್ನು ತಾಳಿಕೊಳ್ಳುತ್ತದೆ.

ಇದೇ ಕೆಲಸ ನೆಲದ ಮೇಲಾದರೆ ಸಲೀಸು. ಕಡಲಲ್ಲಿ ಮೊದಲ ಪ್ರಶ್ನೆ, ಅಲ್ಲಿಗೆ ಹತ್ತೋದು ಹೇಗೆ? ಸಿಬ್ಬಂದಿ ದೋಣಿ ತನ್ನ ಮೂತಿಯನ್ನು ಬುಡದ ಕೊಳವೆಗಳಿಗೆ ಒತ್ತಿ ಹಿಡಿಯುತ್ತದೆ. ಕೆಲಸಗಾರ ಅಲ್ಲಿಂದ ಏಣಿಗೆ ದಾಟಬೇಕು. ಸಾಮಾನ್ಯವಾಗಿ ಅಲೆಯ ಎತ್ತರ ಒಂದೂವರೆ ಮೀಟರ್ ದಾಟಿದರೆ ಇದನ್ನು ನಿಲ್ಲಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಎತ್ತರ ಅಂದರೆ ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ. ಬಿಡಿ ಅಲೆ ಒಂದು ಇದರ ಎರಡು ಪಟ್ಟು ಹತ್ತಿರ ಬರಬಹುದು. ಮುನ್ಸೂಚನೆ ಒಂದೂವರೆ ಮೀಟರ್ ಅಂದಾಗ 3 ಮೀಟರಿನ ಅಲೆಗೂ ಸಿದ್ಧವಿರಬೇಕು. ಹತ್ತಿದರೆ ಸಾಲದು, ಸಂಜೆ ಇಳಿಯುವ ಹೊತ್ತಿಗೂ ಕಡಲು ಶಾಂತವಾಗಿರಬೇಕು. 8 ಗಂಟೆಯ ಕೆಲಸಕ್ಕೆ, ದಾರಿಯೂ ಸೇರಿ, 12 ಗಂಟೆಯ ಬಿಡುವು ಬೇಕಾಗುತ್ತದೆ. ಚಳಿಗಾಲದಲ್ಲಿ ಇಂಥ ಬಿಡುವಿಗೆ ವಾರಗಟ್ಟಲೆ ಕಾಯಬೇಕಾದೀತು.

ಒಳಗೆ ಇಳಿದ ಮೇಲೂ ಅಪಾಯ ಇದೆ. ಮುಚ್ಚಿದ ಪೈಲಿನೊಳಗಿನ ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಬಿಡಬಹುದು. ಆಮ್ಲಜನಕವೂ ಕಡಿಮೆ ಇರಬಹುದು. ಗ್ಯಾಸ್ ಮೀಟರ್ ಇಲ್ಲದೆ, ಗಾಳಿ ಆಡಿಸದೆ ಇಳಿಯುವಂತಿಲ್ಲ.

ಹೊಸ ವಿನ್ಯಾಸಗಳು ಮೂರು ದಾರಿ ಹಿಡಿದವು. ಒಂದು, ಜೋಡಣೆಯನ್ನು ತುಸು ಶಂಕುವಿನಾಕಾರಕ್ಕೆ ಮಾಡೋದು. ಒಂದರೊಳಗೊಂದು ಹಾಕಿದ ಲೋಟಗಳು ಜಾರಿದಷ್ಟೂ ಬಿಗಿಯಾಗುತ್ತವಲ್ಲ, ಹಾಗೆ ಇಲ್ಲಿ ಸ್ವಲ್ಪ ಜಾರಿದ ಕೂಡಲೇ ಗ್ರೌಟ್ ಹಿಂಡಿ ಹಿಡಿಯುತ್ತದೆ. ಎರಡು, ಉಕ್ಕಿನ ಮೈಮೇಲೆ ಬೆಸುಗೆಯ ಉಬ್ಬುಗಳನ್ನು ಸುತ್ತಲೂ ಹಾಕೋದು. ಇದಕ್ಕೆ ಷಿಯರ್ ಕೀ ಅಂತಾರೆ. ಮೂರು, ಗ್ರೌಟನ್ನೇ ಬಿಟ್ಟು ಪೈಲಿನ ತುದಿಗೆ ಫ್ಲ್ಯಾಂಜ್, ಅಂದರೆ ಬೋಲ್ಟ್ ತೂತುಗಳಿರುವ ಉಕ್ಕಿನ ಬಳೆ, ಇಟ್ಟು ಬೋಲ್ಟ್ ಮಾಡೋದು. ಸುತ್ತಿಗೆಯ ಏಟನ್ನು ತಡೆಯುವ ಫ್ಲ್ಯಾಂಜ್ ಈಗ ಮಾಡುತ್ತಾರೆ. ಈಗ ಹೆಚ್ಚು ಕಾಣೋದು ಈ ಮೂರನೆಯದೇ. ಆದರೆ ವಾಲಿದ್ದನ್ನು ಸರಿಮಾಡುವ ಅವಕಾಶ ಇದರಲ್ಲಿ ಇಲ್ಲ ಅಂತಲೇ ಹೇಳಬೇಕು. ಹಾಗಾಗಿ ಪೈಲನ್ನು ಬಡಿಯುವಾಗಲೇ ನೆಟ್ಟಗೆ ಇಳಿಸಬೇಕು. ಆಮೇಲೆ ಬೋಲ್ಟ್‌ಗಳ ಬಿಗಿ ಸಡಿಲವಾಗಿದೆಯಾ, ಉಪ್ಪುನೀರು ನುಗ್ಗಿದೆಯಾ ಅಂತ ನೋಡೋಕೆ ಮತ್ತೆ ಅದೇ ಏಣಿ ಹತ್ತಬೇಕು.