ಸಂಪರ್ಕ ಕಡಿದುಹೋದ ಆ ಏಳು ನಿಮಿಷ

ಆನ್‌ಲೈನ್ ಮೇಲ್ವಿಚಾರಣೆಯ ಪರೀಕ್ಷೆಗಳಲ್ಲಿ ಆರು ವರ್ಷ ಪ್ರಾಕ್ಟರ್, ಅಂದರೆ ಅಭ್ಯರ್ಥಿಗಳನ್ನು ಕ್ಯಾಮೆರಾದಲ್ಲಿ ಗಮನಿಸುವ ಮೇಲ್ವಿಚಾರಕ, ಆಗಿದ್ದೆ. ಈಗ ಅದೇ ಪರೀಕ್ಷೆಗಳ ಬಗ್ಗೆ ಬರುವ ದೂರುಗಳನ್ನು ಪರಿಶೀಲಿಸುತ್ತೇನೆ. ನನ್ನ ಮುಂದೆ ಬರುವ ಪ್ರತಿ ಕಡತದಲ್ಲೂ ಮೂರು ಸಂಗತಿಗಳಿರುತ್ತವೆ: ಅಭ್ಯರ್ಥಿಯ ವಿಡಿಯೊ, ಪ್ರಾಕ್ಟರ್ ಜೊತೆ ನಡೆದ ಚಾಟ್, ಮತ್ತು ಯಾವ ಕ್ಷಣದಲ್ಲಿ ಏನಾಯಿತು ಎಂದು ಸೆಕೆಂಡಿನ ಲೆಕ್ಕದಲ್ಲಿ ಬರೆದಿಟ್ಟಿರುವ ಲಾಗ್. ಅಂಥ ಒಂದು ಕಡತವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಆದರೆ ತಪ್ಪು ನಡೆದ ಬಗೆಯನ್ನು ಇದ್ದಂತೆಯೇ ಇಟ್ಟಿದ್ದೇನೆ.

ಅಭ್ಯರ್ಥಿಯ ಪರೀಕ್ಷೆ ಬೆಳಿಗ್ಗೆ 9 ಗಂಟೆಗೆ ನಿಗದಿಯಾಗಿತ್ತು. ಕಚೇರಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಅವರು 8.35ಕ್ಕೆ ಚೆಕ್-ಇನ್ ಆರಂಭಿಸಿದರು. ಇದು ಒಳ್ಳೆಯ ಸಮಯ. ಇಂಥ ಪರೀಕ್ಷೆಗಳನ್ನು ನಡೆಸುವ ಪಿಯರ್ಸನ್ ವಿಯುಇ ಸಂಸ್ಥೆಯ ಆನ್‌ವಿಯುಇ ವ್ಯವಸ್ಥೆಯಲ್ಲಿ ಚೆಕ್-ಇನ್ ಅರ್ಧ ಗಂಟೆ ಮೊದಲೇ ತೆರೆಯುತ್ತದೆ, ನಿಗದಿತ ಹೊತ್ತು ದಾಟಿ 15 ನಿಮಿಷವಾದರೆ ಮುಚ್ಚುತ್ತದೆ. ಬೇರೆ ಸಂಸ್ಥೆಗಳ ಗಡುವು ಹೆಚ್ಚುಕಡಿಮೆಯಾಗಬಹುದು, ಆದರೆ ಗಡುವು ಇಲ್ಲದ ಸಂಸ್ಥೆಯಿಲ್ಲ. ಅದನ್ನು ಮೀರಿದವರನ್ನು ಸಾಮಾನ್ಯವಾಗಿ ಗೈರುಹಾಜರಿ ಎಂದು ಬರೆಯಲಾಗುತ್ತದೆ, ಕಟ್ಟಿದ ಶುಲ್ಕ ಹೋಗುತ್ತದೆ.

ಮೊದಲು ಗುರುತಿನ ಚೀಟಿ. ಅವರ ಚೀಟಿಯಲ್ಲಿ ಪೂರ್ತಿ ಹೆಸರಿತ್ತು, ಪರೀಕ್ಷೆಗೆ ನೋಂದಾಯಿಸಿದ ಖಾತೆಯಲ್ಲೂ ಅದೇ ಹೆಸರಿತ್ತು. ಎಲ್ಲರ ವಿಷಯದಲ್ಲೂ ಹೀಗಾಗುವುದಿಲ್ಲ. ಚೀಟಿಯಲ್ಲಿ ಕೊನೆಯ ಹೆಸರು ಬಿಡಿಸಿ ಬರೆದಿದ್ದು ಖಾತೆಯಲ್ಲಿ ಒಂದೇ ಅಕ್ಷರವಿದ್ದರೆ, ಅಥವಾ ಮದುವೆಯಾದ ಮೇಲೆ ಒಂದು ಕಡೆ ಮಾತ್ರ ಹೆಸರು ಬದಲಾಗಿದ್ದರೆ, ಪ್ರಾಕ್ಟರ್ ಎದುರಿಗೆ ಕುಳಿತು ವಿವರಿಸಿ ಪ್ರಯೋಜನವಿಲ್ಲ. ನಿಮ್ಮ ಖಾತೆಯ ಹೆಸರನ್ನು ತಿದ್ದುವ ಅಧಿಕಾರ ಪ್ರಾಕ್ಟರ್‌ಗೆ ಇರುವುದಿಲ್ಲ. ಅದನ್ನು ಪ್ರಮಾಣಪತ್ರ ಕೊಡುವ ಸಂಸ್ಥೆಯೇ ತಿದ್ದಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಹಾಗಾಗಿ ಪರೀಕ್ಷೆಯ ದಿನಾಂಕ ಗೊತ್ತುಮಾಡಿದ ದಿನವೇ ಚೀಟಿಯನ್ನೂ ಖಾತೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಚೀಟಿಯ ಅವಧಿ ಮುಗಿದಿಲ್ಲ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ನೆರಳಚ್ಚು ಪ್ರತಿ ಸಾಲದು, ಮೂಲವೇ ಬೇಕು. ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ. ಪ್ಲಾಸ್ಟಿಕ್ ಮೇಲೆ ಬೆಳಕು ಹೊಳೆದು ಹೆಸರೇ ಅಳಿಸಿಹೋದಂತೆ ಕಂಡ ಚಿತ್ರಗಳನ್ನು ನಾನು ಲೆಕ್ಕವಿಲ್ಲದಷ್ಟು ಸಲ ಹಿಂದಿರುಗಿಸಿದ್ದೇನೆ.

ನಂತರ ಕೋಣೆಯ ತಪಾಸಣೆ. ನಾಲ್ಕೂ ದಿಕ್ಕಿನ ಫೋಟೊ ಕೇಳುವ ಸಂಸ್ಥೆಗಳಿವೆ, ವೆಬ್‌ಕ್ಯಾಮನ್ನು ಸುತ್ತಲೂ ತಿರುಗಿಸಿ ತೋರಿಸಲು ಹೇಳುವವೂ ಇವೆ. ಇದು ಅನೇಕರಿಗೆ ಅವಮಾನವೆನಿಸುತ್ತದೆ, ಆ ಬೇಸರ ನನಗೆ ಅರ್ಥವಾಗುತ್ತದೆ. ಅಮೆರಿಕದ ಓಹಾಯೊದಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯ ವಿದ್ಯಾರ್ಥಿಯೊಬ್ಬರ ಕೋಣೆಯನ್ನು ಹೀಗೆ ಕ್ಯಾಮೆರಾದಲ್ಲಿ ನೋಡಿದ್ದು ಸಂವಿಧಾನಬಾಹಿರ ಶೋಧನೆ ಎಂದು ಫೆಡರಲ್ ನ್ಯಾಯಾಲಯವೊಂದು 2022ರಲ್ಲಿ ತೀರ್ಪು ಕೊಟ್ಟಿತು. ಆದರೆ ಆ ರಕ್ಷಣೆ ಸರ್ಕಾರದ ವಿರುದ್ಧ ಇರುವಂಥದ್ದು. ಖಾಸಗಿ ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಯಲ್ಲಿ ನೀವು ನಿಯಮಗಳಿಗೆ ಒಪ್ಪಿ ಸಹಿ ಹಾಕಿರುತ್ತೀರಿ. ಕೋಣೆ ತೋರಿಸುವುದು ಬೇಡವೆನಿಸಿದರೆ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದೇ ಸರಿಯಾದ ದಾರಿ.

ನಮ್ಮ ಅಭ್ಯರ್ಥಿಯ ಮೇಜಿನ ಮೇಲೆ ಎರಡನೆಯ ಮಾನಿಟರ್ ಇತ್ತು. ಅದನ್ನು ಆರಿಸಿದ್ದರು, ಆದರೆ ತಂತಿ ಹಾಗೆಯೇ ಸಿಕ್ಕಿಸಿಟ್ಟಿದ್ದರು. ಪ್ರಾಕ್ಟರ್ ತಂತಿ ಕೀಳಲು ಹೇಳಿದರು, ಅವರು ಕಿತ್ತರು. ಇದಕ್ಕೆ ಕಾರಣವಿದೆ. ಪ್ರಾಕ್ಟರ್ ಕಣ್ಣಿಗೆ ಕಾಣುವುದು ವೆಬ್‌ಕ್ಯಾಮ್‌ನ ಚೌಕಟ್ಟು ಮಾತ್ರ, ಆ ಚೌಕಟ್ಟಿನ ಆಚೆ ಇರುವುದೆಲ್ಲವೂ ಅವರಿಗೆ ಕತ್ತಲೆ. ಆರಿದ ಮಾನಿಟರ್ ಹತ್ತು ನಿಮಿಷದ ನಂತರವೂ ಆರಿಯೇ ಇದೆ ಎಂದು ಅವರು ತಿಳಿಯುವುದು ಹೇಗೆ? ಕಿತ್ತ ತಂತಿಯ ಬಗ್ಗೆ ಈ ಅನುಮಾನ ಹುಟ್ಟುವುದಿಲ್ಲ. ಮೇಜು ಬರಿದಾಗಿರಬೇಕು, ಬಾಯಿಗೆ ಕೈ ಅಡ್ಡ ಹಿಡಿಯಬಾರದು, ಪ್ರಶ್ನೆಯನ್ನು ಗಟ್ಟಿಯಾಗಿ ಓದಬಾರದು ಎಂಬ ನಿಯಮಗಳ ಹಿಂದೆಯೂ ಇದೇ ಯೋಚನೆಯಿದೆ. ತುಟಿ ಅಲುಗಾಡಿಸಿ ಓದುವುದು ನಿಮ್ಮ ಅಭ್ಯಾಸವಿರಬಹುದು, ಆದರೆ ಮುಚ್ಚಿದ ಬಾಗಿಲ ಹಿಂದೆ ನಿಂತವರಿಗೆ ಪ್ರಶ್ನೆಯನ್ನು ತಲುಪಿಸುವವರೂ ಹಾಗೆಯೇ ಓದುತ್ತಾರೆ. ಪ್ರಾಕ್ಟರ್ ಏಕಕಾಲಕ್ಕೆ ಹಲವರನ್ನು ನೋಡುತ್ತಿರುತ್ತಾರೆ. ಇಬ್ಬರಲ್ಲಿ ಯಾರ ಮನಸ್ಸು ಶುದ್ಧ ಎಂದು ಪರದೆಯ ಮೇಲೆ ಗುರುತಿಸುವ ಶಕ್ತಿ ಯಾರಿಗೂ ಇಲ್ಲ.

ಫೋಟೊ ತೆಗೆಯಲು ಬಳಸಿದ ಮೊಬೈಲನ್ನು ಕೈಗೆ ಎಟುಕದ ಕಡೆ ಇಡಲು ಹೇಳಿದರು. ಅವರು ಅದನ್ನು ಹಿಂದಿನ ಕಪಾಟಿನ ಮೇಲಿಟ್ಟರು. 9.04ಕ್ಕೆ ಪರೀಕ್ಷೆ ಆರಂಭವಾಯಿತು.

10 ಗಂಟೆ 6 ನಿಮಿಷಕ್ಕೆ ಲಾಗ್ ಒಮ್ಮೆಲೇ ನಿಂತುಬಿಟ್ಟಿದೆ. ವಿಡಿಯೊ ಇಲ್ಲ, ಧ್ವನಿ ಇಲ್ಲ, ಪ್ರಾಕ್ಟರ್ ಕಳಿಸಿದ ಎರಡು ಸಂದೇಶಗಳು ತಲುಪಿಲ್ಲ. 10.13ಕ್ಕೆ ಅಭ್ಯರ್ಥಿ ಮರಳಿ ಬಂದಾಗ ಕ್ಯಾಮೆರಾ ಕಂಡ ಮೊದಲ ದೃಶ್ಯದಲ್ಲೇ ಕೀಬೋರ್ಡ್ ಪಕ್ಕದಲ್ಲಿ ಮೊಬೈಲ್ ಇತ್ತು, ಪರದೆ ಇನ್ನೂ ಬೆಳಗುತ್ತಿತ್ತು. ಪ್ರಾಕ್ಟರ್ ಪರೀಕ್ಷೆಯನ್ನು ಅಲ್ಲಿಗೇ ಮುಗಿಸಿದರು.

ಮರುದಿನ ದೂರು ಬಂತು. "ಇಂಟರ್ನೆಟ್ ಹೋಯಿತು, ಸರಿಪಡಿಸಿಕೊಂಡು ಬಂದೆ, ನನ್ನನ್ನು ಕಳ್ಳಿಯಂತೆ ಹೊರಹಾಕಿದರು. ಹಿಂದಿನ ರಾತ್ರಿ ನಿಮ್ಮದೇ ಯಂತ್ರ ತಪಾಸಣೆಯಲ್ಲಿ ನನ್ನ ಲ್ಯಾಪ್‌ಟಾಪ್ ಪಾಸಾಗಿತ್ತು" ಎಂದು ಬರೆದಿದ್ದರು. ಒಂದೊಂದು ಮಾತೂ ನಿಜ. ಹಾಗಾದರೆ ಆದದ್ದೇನು?

ಕಚೇರಿಯ ಲ್ಯಾಪ್‌ಟಾಪ್ ತೆರೆದ ಕೂಡಲೇ, ಎಲ್ಲ ಸಂಚಾರವನ್ನೂ ಕಚೇರಿಯ ಜಾಲದ ಮೂಲಕ ಕಳಿಸುವ ವಿಪಿಎನ್ ತಾನಾಗಿಯೇ ಜೋಡಣೆಯಾಗುತ್ತಿತ್ತು. ಆ ಬೆಳಿಗ್ಗೆ 8.06ಕ್ಕೆ ಜೋಡಣೆಯಾಗಿತ್ತು. ಎರಡು ಗಂಟೆಗೊಮ್ಮೆ ಮತ್ತೆ ಲಾಗಿನ್ ಆಗಬೇಕೆಂದು ಅವರ ಕಚೇರಿಯ ತಾಂತ್ರಿಕ ವಿಭಾಗ ಗೊತ್ತುಪಡಿಸಿತ್ತು. ಗಡುವು ಮುಗಿದೊಡನೆ ವಿಪಿಎನ್ ಎಲ್ಲ ಸಂಚಾರವನ್ನೂ ತಡೆದು, ಲಾಗಿನ್ ಕೇಳುವ ಕಿಟಕಿಯನ್ನು ತೆರೆಯಿತು. ಆದರೆ ಪರೀಕ್ಷೆಯ ಸುರಕ್ಷಿತ ಬ್ರೌಸರ್ ಇಡೀ ಪರದೆಯನ್ನು ಆವರಿಸಿರುತ್ತದೆಯಲ್ಲ, ಆ ಕಿಟಕಿ ಅದರ ಹಿಂದೆ ಅಡಗಿಹೋಯಿತು. ವೈಫೈ ಗುರುತು ಪೂರ್ತಿ ತುಂಬಿತ್ತು, ಅಭ್ಯರ್ಥಿಗೆ ಕಂಡದ್ದು ಸ್ತಬ್ಧವಾದ ಪ್ರಶ್ನೆ ಮಾತ್ರ. ಎದ್ದು ಹೋಗಿ ಮೊಬೈಲ್ ತಂದು ಹಾಟ್‌ಸ್ಪಾಟ್ ಹಾಕಿದರು. ತಡೆ ಇದ್ದದ್ದು ವೈಫೈಯಲ್ಲಿ ಅಲ್ಲವಾದ್ದರಿಂದ ಅದರಿಂದ ಏನೂ ಆಗಲಿಲ್ಲ. ಕೊನೆಗೆ ಬ್ರೌಸರ್ ಮುಚ್ಚಿದಾಗ ಕಿಟಕಿ ಕಂಡಿತು. ಲಾಗಿನ್ ಸಂಕೇತ ಬಂದದ್ದೂ ಮೊಬೈಲಿಗೇ. ಸಂಕೇತ ಹಾಕಿದರು, ಗಡಿಬಿಡಿಯಲ್ಲಿ ಮೊಬೈಲನ್ನು ಅಲ್ಲೇ ಇಟ್ಟು ಮರಳಿ ಬಂದರು.

ಹಿಂದಿನ ರಾತ್ರಿಯ ತಪಾಸಣೆ ಪಾಸಾದದ್ದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆ ತಪಾಸಣೆ ಕ್ಯಾಮೆರಾ, ಮೈಕ್ ಮತ್ತು ಆ ಕ್ಷಣದ ವೇಗವನ್ನು ನೋಡುತ್ತದೆ. ಎರಡು ಗಂಟೆಯ ನಂತರ ಬಾಗಿಲು ಹಾಕಿಕೊಳ್ಳುವ ವಿಪಿಎನ್ ಅದಕ್ಕೆ ಕಾಣುವುದಿಲ್ಲ. ಕಚೇರಿಯ ಯಂತ್ರ ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಅದರ ಮೇಲೆ ನಿಮಗೆ ಗೊತ್ತಿಲ್ಲದ ಹತ್ತು ಕಾವಲುಗಳಿರುತ್ತವೆ, ಅವುಗಳನ್ನು ನಿಲ್ಲಿಸುವ ಅನುಮತಿ ನಿಮಗಿರುವುದಿಲ್ಲ. ಸ್ವಂತ ಕಂಪ್ಯೂಟರ್ ಇಲ್ಲದಿದ್ದರೆ ಎರವಲು ಪಡೆದಾದರೂ ಬರೆಯಿರಿ.

ಸ್ವಂತ ಯಂತ್ರದಲ್ಲೂ ವೇಗಕ್ಕಿಂತ ಸಂಪರ್ಕದ ನಿರಂತರತೆ ಮುಖ್ಯ. ನಿಮ್ಮ ವಿಡಿಯೊ ನಿಮ್ಮಿಂದ ನಮ್ಮ ಕಡೆಗೆ ಬರಬೇಕು, ಹಾಗಾಗಿ ಅಪ್‌ಲೋಡ್ ಬಡವಾಗಿದ್ದರೆ ಡೌನ್‌ಲೋಡ್ ಎಷ್ಟಿದ್ದರೂ ವ್ಯರ್ಥ. ಪರೀಕ್ಷೆ ಬರೆಯುವ ಕೋಣೆಯಲ್ಲೇ, ಅದೇ ಹೊತ್ತಿನಲ್ಲಿ, ವಿಂಡೋಸ್ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ನಡೆಸಿ ನೋಡಿ:

```
ping -n 300 8.8.8.8
```

ಇದು ಸುಮಾರು ಐದು ನಿಮಿಷ ಸೆಕೆಂಡಿಗೊಮ್ಮೆ ಸಂಪರ್ಕವನ್ನು ತಟ್ಟಿ ನೋಡುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ `-n` ಬದಲು `-c` ಹಾಕಿ. ವಿಂಡೋಸ್‌ನಲ್ಲಿ `Request timed out` ಎಂಬ ಸಾಲು ಅಲ್ಲೊಂದು ಇಲ್ಲೊಂದು ಬಂದರೆ ಚಿಂತೆಯಿಲ್ಲ. ಐದಾರು ಸಾಲು ಒಟ್ಟಿಗೆ ಬಂದರೆ ಸಂಪರ್ಕ ಅಷ್ಟು ಹೊತ್ತು ಸತ್ತಿತ್ತು ಎಂದರ್ಥ. ಆಗ ವೈಫೈ ಬಿಟ್ಟು ರೂಟರ್‌ನಿಂದ ನೇರವಾಗಿ ತಂತಿ ಎಳೆದು ಮತ್ತೆ ನೋಡಿ. ತಂತಿಯಲ್ಲಿ ಸರಿಯಾದರೆ ತೊಂದರೆ ವೈಫೈಯದು, ಇಲ್ಲದಿದ್ದರೆ ರೂಟರ್‌ನದು ಅಥವಾ ಸೇವೆ ಕೊಡುವವರದು.

ಇನ್ನು ಆ ಮೊಬೈಲ್. ಸಂಪರ್ಕ ಕಡಿದಾಗ ಕೈ ತಾನಾಗಿ ಮೊಬೈಲ್ ಕಡೆಗೆ ಹೋಗುತ್ತದೆ, ಯಾರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಅವಸರಕ್ಕೆ ಕಾರಣವೇ ಇರಲಿಲ್ಲ. ದೊಡ್ಡ ವ್ಯವಸ್ಥೆಗಳಲ್ಲಿ ನೀವು ಕೊಟ್ಟ ಉತ್ತರಗಳು ಆಗಿಂದಾಗ್ಗೆ ಸರ್ವರ್‌ಗೆ ಸೇರುತ್ತವೆ, ಮರಳಿ ಬಂದಾಗ ಬಿಟ್ಟ ಪ್ರಶ್ನೆಯಿಂದಲೇ ಮುಂದುವರಿಯಬಹುದು. ಕ್ಯಾಮೆರಾದ ಮುಂದೆ ಕುಳಿತಲ್ಲೇ ಕುಳಿತು, ಒಂದೆರಡು ನಿಮಿಷ ಕಾದು, ಆಗಲೂ ಬಾರದಿದ್ದರೆ ಅದೇ ಯಂತ್ರದಲ್ಲಿ ಪರೀಕ್ಷೆಯ ತಂತ್ರಾಂಶವನ್ನು ಮತ್ತೆ ತೆರೆಯಬೇಕು. ಸ್ತಬ್ಧವಾದ ಪರದೆಯ ಚಿತ್ರವನ್ನು ಸಾಕ್ಷಿಗೆಂದು ತೆಗೆಯಬೇಡಿ. ಅದರಲ್ಲಿ ಪ್ರಶ್ನೆ ಇರುತ್ತದೆ, ಪ್ರಶ್ನೆಯ ಚಿತ್ರ ತೆಗೆಯುವುದು ಮೊಬೈಲ್ ಮುಟ್ಟುವುದಕ್ಕಿಂತ ದೊಡ್ಡ ಅಪರಾಧ. ದೋಷದ ಸಂದೇಶವನ್ನೂ ಗಂಟೆಯನ್ನೂ ನೆನಪಿಟ್ಟುಕೊಂಡು, ಹೊರಬಂದ ಮೇಲೆ ಬರೆದಿಡಿ. ಎಷ್ಟು ಪ್ರಯತ್ನಿಸಿದರೂ ಒಳಹೋಗಲು ಆಗದಿದ್ದರೆ, ಪರೀಕ್ಷೆ ಅಲ್ಲಿಗೆ ಮುಗಿಯಿತೆಂದು ಒಪ್ಪಿಕೊಂಡು, ಅದೇ ದಿನ ಸಹಾಯ ವಿಭಾಗವನ್ನು ಸಂಪರ್ಕಿಸಿ ದೂರಿನ ಸಂಖ್ಯೆ ಪಡೆಯಿರಿ. ಗಂಟೆ ಹೇಳುವಾಗ ಯಾವ ಸಮಯ ವಲಯದ್ದು ಎಂದೂ ಹೇಳಿ, ಲಾಗ್‌ನಲ್ಲಿ ಹುಡುಕುವವರಿಗೆ ಅದಿಲ್ಲದೆ ಏನೂ ಸಿಗುವುದಿಲ್ಲ.

ಅವರ ದೂರಿಗೆ ನಾನು ಕೊಟ್ಟ ಉತ್ತರ ಎರಡು ಭಾಗದ್ದಾಗಿತ್ತು. ವಿಪಿಎನ್ ಗಡುವಿನ ಬಗ್ಗೆ ಅವರ ಕಚೇರಿ ಬರೆದುಕೊಟ್ಟ ವಿವರ ಲಾಗ್‌ನ ಹೊತ್ತಿಗೆ ಸರಿಯಾಗಿ ಹೊಂದಿಕೊಂಡಿತು, ಹಾಗಾಗಿ ಮೋಸದ ಆರೋಪವನ್ನು ತೆಗೆದುಹಾಕಿದೆ. ಅದು ಉಳಿದಿದ್ದರೆ ಮುಂದಿನ ಪರೀಕ್ಷೆಗಳಿಗೂ ಅವರು ಅನರ್ಹರಾಗುವ ಸಾಧ್ಯತೆಯಿತ್ತು. ಶುಲ್ಕ ಮಾತ್ರ ಹಿಂದಿರುಗಲಿಲ್ಲ, ಏಕೆಂದರೆ ಕಾರಣ ಅವರ ಯಂತ್ರದಲ್ಲಿತ್ತು. ಆ ಸಾಲನ್ನು ಬರೆಯುವುದು ನನಗೆ ಸುಲಭವಾಗಿರಲಿಲ್ಲ. ತಿಂಗಳುಗಟ್ಟಲೆ ಓದಿದವರ ಶ್ರಮ ಅಡಗಿಕೊಂಡ ಒಂದು ಕಿಟಕಿಯಿಂದ ಹಾಳಾಗಿತ್ತು.

ಐದು ವಾರದ ನಂತರ ಅದೇ ಹೆಸರಿನ ಕಡತ ಮತ್ತೆ ನನ್ನ ಮುಂದೆ ಬಂತು. ಸಂಪರ್ಕ ಕಡಿದ ಪ್ರತಿ ಪರೀಕ್ಷೆಯನ್ನೂ ನಾವು ಒಮ್ಮೆ ನೋಡಬೇಕು. ಈ ಸಲ ಸ್ವಂತ ಕಂಪ್ಯೂಟರ್, ರೂಟರ್‌ನಿಂದ ನೇರ ತಂತಿ. 41ನೆಯ ನಿಮಿಷಕ್ಕೆ ಸಂಪರ್ಕ ಹೋಗಿ, ಎರಡು ನಿಮಿಷದಲ್ಲಿ ಮರಳಿತ್ತು. ಕ್ಯಾಮೆರಾ ಮತ್ತೆ ತೆರೆದಾಗ ಅವರು ನೆಟ್ಟಗೆ ಕುಳಿತಿದ್ದರು, ಎರಡೂ ಕೈಗಳು ಖಾಲಿ ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿದ್ದವು. "ಮುಂದುವರಿಸಿ" ಎಂದು ಪ್ರಾಕ್ಟರ್ ಚಾಟ್‌ನಲ್ಲಿ ಬರೆದಿದ್ದರು.