ಎಂಟು ಗ್ರಾಂ ಸೋಡಾ ಹೇಳಿದ ಲೆಕ್ಕ

ಅಣ್ಣನ ಮಗಳು ಧಾರವಾಡದಲ್ಲಿ ಎಂಟನೇ ಕ್ಲಾಸು. ಹೋದ ತಿಂಗಳು ಒಂದು ಸಂಜೆ ನೋಟ್‌ಬುಕ್ ಹಿಡಿದುಕೊಂಡು ಬಂದಳು, ಮುಖ ಊದಿಸಿಕೊಂಡು. ಅಡಿಗೆ ಸೋಡಾ ಕಾಯಿಸಿದರೆ ಏನಾಗುತ್ತದೆ, ಸಮೀಕರಣ ಬರೆದು ಸರಿದೂಗಿಸಿ ಅಂತ ಪ್ರಶ್ನೆ. ಇವಳು ಹೀಗೆ ಬರೆದಿದ್ದಳು:

NaHCO₃ → NaOH + CO₂

ಅದರ ಮೇಲೆ ಕೆಂಪು ಪೆನ್ನಿನ ಗೀಟು. "ಕಾಕಾ, ನೀನ ಎಣಿಸಿ ನೋಡು. ಎರಡೂ ಕಡೆ ಸರಿ ಐತಿ. ತಪ್ಪು ಯಾಕ ಹಾಕ್ಯಾರ?"

ಎಣಿಸಿದೆ. ಎಡಕ್ಕೆ ಸೋಡಿಯಂ ಒಂದು, ಹೈಡ್ರೋಜನ್ ಒಂದು, ಕಾರ್ಬನ್ ಒಂದು, ಆಕ್ಸಿಜನ್ ಮೂರು. ಬಲಕ್ಕೂ ಅಷ್ಟೇ. ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಉತ್ತರ ತಪ್ಪು. ಸಮೀಕರಣ ಸರಿದೂಗುವುದು ಬೇರೆ, ಒಲೆಯ ಮೇಲೆ ಹಾಗೇ ಆಗುವುದು ಬೇರೆ.

ಪುಸ್ತಕದಲ್ಲಿರುವ ಉತ್ತರ ಇದು: ಸೋಡಾ ಕಾದಾಗ ಸೋಡಿಯಂ ಕಾರ್ಬೊನೇಟ್, ನೀರು, ಕಾರ್ಬನ್ ಡೈಆಕ್ಸೈಡ್ ಬರುತ್ತವೆ. ಮೊದಲು ಸುಮ್ನೆ ಹಾಗೇ ಬರೆಯೋಣ.

NaHCO₃ → Na₂CO₃ + H₂O + CO₂

ಬಲಗಡೆ ಸೋಡಿಯಂ ಎರಡು, ಎಡಗಡೆ ಒಂದೇ. ಇಲ್ಲಿ ಮಕ್ಕಳ ಕೈ ನೇರವಾಗಿ ಸೂತ್ರದೊಳಗೆ ಹೋಗುತ್ತದೆ. Na ಪಕ್ಕದಲ್ಲಿ ಕೆಳಗೆ ಸಣ್ಣ 2 ಬರೆದು Na₂HCO₃ ಅಂತ ಮಾಡಿಬಿಡುತ್ತಾರೆ. ಸೋಡಿಯಂ ಸರಿಹೋಯಿತು, ಆದರೆ ಆ ಹೆಸರಿನ ಪುಡಿ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವುದಿಲ್ಲ. ಕೆಳಗಿನ ಸಣ್ಣ ಅಂಕಿ ಆ ವಸ್ತುವಿನ ಗುರುತು, ಅದನ್ನು ಮುಟ್ಟಿದರೆ ವಸ್ತುವೇ ಬದಲಾಗುತ್ತದೆ. ನಮ್ಮ ಕೈಯಲ್ಲಿರುವುದು ಸೂತ್ರದ ಮುಂದೆ ಬರೆಯುವ ದೊಡ್ಡ ಅಂಕಿ ಮಾತ್ರ.

ಹಾಗಾಗಿ ಮುಂದೆ 2 ಬರೆದೆವು.

2NaHCO₃ → Na₂CO₃ + H₂O + CO₂

ಈಗ ಇನ್ನೊಂದು ತಪ್ಪು ಕಾದು ಕೂತಿದೆ. ಮುಂದಿನ 2 ಬರೀ ಸೋಡಿಯಂಗೆ ಅಂತ ಮಕ್ಕಳು ತಿಳಿಯುತ್ತಾರೆ. ಅದು ಇಡೀ ಸೂತ್ರಕ್ಕೆ. ಸೋಡಿಯಂ 2, ಹೈಡ್ರೋಜನ್ 2, ಕಾರ್ಬನ್ 2, ಆಕ್ಸಿಜನ್ ಎರಡು ಮೂರಲೇ 6. ಬಲಗಡೆ ಆಕ್ಸಿಜನ್ ಮೂರು ಮನೆಯಲ್ಲಿ ಹಂಚಿಹೋಗಿದೆ: ಕಾರ್ಬೊನೇಟಿನಲ್ಲಿ 3, ನೀರಿನಲ್ಲಿ 1, ಗಾಳಿಗೆ ಹೋಗುವ ಗ್ಯಾಸಿನಲ್ಲಿ 2. ಒಟ್ಟು 6. ನಮ್ಮ ಹುಡುಗಿ ಮೊದಲ ಸಲ ನೀರನ್ನು ಮರೆತು 5 ಅಂದಳು. ಇದು ಎಲ್ಲರೂ ಮಾಡುವ ತಪ್ಪು. ಅದಕ್ಕೇ ನಾನು ಆಕ್ಸಿಜನ್‌ನ್ನು ಯಾವಾಗಲೂ ಕೊನೆಗೆ ಎಣಿಸುತ್ತೇನೆ. ಜಾಸ್ತಿ ಮನೆಯಲ್ಲಿ ಇರುವವನನ್ನು ಮೊದಲೇ ಹಿಡಿಯಲು ಹೋದರೆ ಒಂದು ಕಡೆ ಸರಿಮಾಡಿದ್ದು ಇನ್ನೊಂದು ಕಡೆ ಕೆಡುತ್ತದೆ.

"ಆತು. ಇದೂ ಸರಿ ಐತಿ, ನಂದೂ ಸರಿ ಐತಿ. ಇದ ಖರೆ ಅಂತ ಹೆಂಗ ಹೇಳ್ತಿ?" ಅಂದಳು. ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಪ್ರಶ್ನೆಯೂ ಸರಿಯಾದದ್ದೇ. ಅಷ್ಟೇ ಅಲ್ಲ, ಸರಿದೂಗುವ ಮೂರನೇ ಸಮೀಕರಣವನ್ನೂ ನಾನೇ ಬರೆದುಕೊಟ್ಟೆ:

2NaHCO₃ → Na₂O + H₂O + 2CO₂

ಮೂರೂ ಎಣಿಕೆಯಲ್ಲಿ ಪಾಸು. ತೀರ್ಪು ಹೇಳಲು ತಕ್ಕಡಿಯೇ ಬೇಕು.

ಪರಮಾಣು ರಾಶಿ ಹಿಡಿದು ಲೆಕ್ಕ ಹಾಕಿದೆವು. ಸೋಡಿಯಂ 23, ಹೈಡ್ರೋಜನ್ 1, ಕಾರ್ಬನ್ 12, ಆಕ್ಸಿಜನ್ 16. ಒಂದು NaHCO₃ ಅಂದರೆ 23 + 1 + 12 + 48, ಒಟ್ಟು 84. ಎರಡಕ್ಕೆ 168. ಪುಸ್ತಕದ ಸಮೀಕರಣದಲ್ಲಿ ಬಲಗಡೆ ಕಾರ್ಬೊನೇಟ್ 106, ನೀರು 18, ಗ್ಯಾಸು 44. ಕೂಡಿದರೆ ಅದೇ 168. ಮುಂದೆ 2 ಹಾಕದೇ ಬಿಟ್ಟಿದ್ದರೆ 84 ಗ್ರಾಂ ಕಾಯಿಸಿ 168 ಗ್ರಾಂ ತೆಗೆದಂತಾಗುತ್ತಿತ್ತು. ಬಂಗಾರದ ಅಂಗಡಿಯಲ್ಲಿ ಇಂಥ ಲೆಕ್ಕ ಹೇಳಿದರೆ ಒಳಗೆ ಬಿಡ್ತಾರಾ?

ಈಗ ನೀರೂ ಗ್ಯಾಸೂ ಹಾರಿಹೋಗುತ್ತವೆ, ತಟ್ಟೆಯಲ್ಲಿ ಪುಡಿ ಮಾತ್ರ ಉಳಿಯುತ್ತದೆ. 8.4 ಗ್ರಾಂ ಸೋಡಾ ಇಟ್ಟರೆ ಪುಸ್ತಕದ ಪ್ರಕಾರ 5.3 ಗ್ರಾಂ ಉಳಿಯಬೇಕು. ಹುಡುಗಿಯ ಸಮೀಕರಣ ಖರೆಯಾದರೆ 4.0 ಗ್ರಾಂ. ನಾನು ಬರೆದ ಮೂರನೆಯದು ಖರೆಯಾದರೆ 3.1 ಗ್ರಾಂ. ಮೂರೂ ಉತ್ತರ ಸಾಕಷ್ಟು ದೂರ ದೂರ ಇವೆ. ಒಂದು ಸಣ್ಣ ತಕ್ಕಡಿ ಸಿಕ್ಕರೆ ಸಾಕು.

ಓಣಿಯ ಅಕ್ಕಸಾಲಿಗರ ಹತ್ತಿರ ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ ಇತ್ತು. ಭಾನುವಾರ ಬೆಳಿಗ್ಗೆ ತಂದೆ. ಒಂದು ಸಣ್ಣ ಸ್ಟೀಲ್ ತಟ್ಟೆ ತೂಗಿದೆವು, 46.20 ಗ್ರಾಂ. ಸೋಡಾ ಹಾಕಿ 54.60ಕ್ಕೆ ತಂದೆವು. ಸಣ್ಣ ಉರಿಯಲ್ಲಿ ಹೆಂಚಿನ ಮೇಲೆ ಇಟ್ಟು ಚಮಚದ ಹಿಡಿಯಿಂದ ಮೆಲ್ಲಗೆ ಕೆದಕುತ್ತಾ ಕೂತೆವು. ಒಣ ಪುಡಿ ಅಲ್ಲಲ್ಲಿ ಪುಟಪುಟ ಅಂತ ಕುದಿಯುವ ಹಾಗೆ ಮೇಲೇಳುತ್ತದೆ. ನೀರಿಲ್ಲದ ಪುಡಿ ಕುದಿಯುವುದನ್ನು ನೋಡಿ ಹುಡುಗಿಗೆ ಖುಷಿಯೋ ಖುಷಿ. ಉರಿ ದೊಡ್ಡದು ಮಾಡಿದರೆ ಪುಡಿ ಹಾರಿ ಹೊರಗೆ ಬೀಳುತ್ತದೆ, ಆಮೇಲೆ ತೂಕಕ್ಕೆ ಅರ್ಥವಿರುವುದಿಲ್ಲ.

ಹತ್ತು ನಿಮಿಷ ಬಿಟ್ಟು ಇಳಿಸಿ, ಆರಿಸಿ, ತೂಗಿದೆವು. 52.05. ಅಂದರೆ ಪುಡಿ 5.85. "ಮೂರೂ ಅಲ್ಲ!" ಅಂದಳು. ಇನ್ನೂ ಎಲ್ಲ ಮುರಿದಿಲ್ಲ ಅಂತ ಮತ್ತೆ ಇಟ್ಟೆವು. ಇನ್ನು ಹತ್ತು ನಿಮಿಷಕ್ಕೆ 51.55. ಮತ್ತೊಮ್ಮೆ ಕಾಯಿಸಿದಾಗ 51.51. ಇನ್ನೊಂದು ಸಲ ಇಟ್ಟರೂ 51.51. ತೂಕ ಇಳಿಯುವುದು ನಿಂತಿತು ಅಂದರೆ ಕೆಲಸ ಮುಗಿಯಿತು ಅಂತ. ಉಳಿದದ್ದು 5.31 ಗ್ರಾಂ.

ಬಿಸಿ ತಟ್ಟೆಯನ್ನೇ ತೂಗಬೇಡಿ, ತೂಕ ತಪ್ಪು ತೋರಿಸುತ್ತದೆ. ಬೇಕಿಂಗ್ ಪೌಡರ್ ತರಬೇಡಿ, ಅದರಲ್ಲಿ ಪಿಷ್ಟವೂ ಆಮ್ಲದ ಪುಡಿಯೂ ಬೆರೆತಿರುತ್ತದೆ. ಕಾಯಿಸಿದಾಗ ಪುಡಿ ಕಂದು ಬಣ್ಣಕ್ಕೆ ತಿರುಗಿದರೆ ಡಬ್ಬಿ ತಪ್ಪಾಗಿದೆ ಅಂತ ತಿಳಿಯಿರಿ. ಶುದ್ಧ ಸೋಡಾ ಕೊನೆವರೆಗೂ ಬೆಳ್ಳಗೇ ಇರುತ್ತದೆ.

ಕಾಯಿಸುವಾಗ ಹುಡುಗಿ ಒಂದು ಜಾಣತನ ಮಾಡಿದ್ದಳು. ತಣ್ಣಗಿನ ಮುಚ್ಚಳವನ್ನು ತಟ್ಟೆಯ ಮೇಲೆ ಹಿಡಿದಳು. ಹನಿ ಕೂತಿತು. "ನೋಡು, ನೀರು! ನನ್ನ ಸಮೀಕರಣದಾಗ ನೀರ ಇಲ್ಲ, ಹಂಗಾರ ನಂದು ತಪ್ಪು" ಅಂತ ತಾನೇ ಒಪ್ಪಿಕೊಂಡಳು. ವಾದ ಚೆನ್ನಾಗಿತ್ತು, ಸಾಕ್ಷಿ ಮಾತ್ರ ಸ್ವಲ್ಪ ಮೋಸದ್ದು. ಸೋಡಾ ಇಲ್ಲದೆ ಬರೀ ಗ್ಯಾಸ್ ಉರಿಯ ಮೇಲೆ ತಣ್ಣನೆಯ ಪಾತ್ರೆ ಇಟ್ಟರೂ ತಳ ಬೆವರುತ್ತದೆ. ಬೆಳಿಗ್ಗೆ ಹಾಲಿನ ಪಾತ್ರೆ ಇಟ್ಟವರೆಲ್ಲ ನೋಡಿರುತ್ತಾರೆ. ಗ್ಯಾಸ್ ಉರಿದಾಗಲೂ ನೀರು ಹುಟ್ಟುತ್ತದೆ. ಮುಚ್ಚಳದ ಹನಿ ಸೋಡಾದ್ದೋ ಸಿಲಿಂಡರಿನದೋ ಹೇಳುವುದು ಹೇಗೆ? ಅದಕ್ಕೇ ತೂಕವೇ ಗಟ್ಟಿ ಸಾಕ್ಷಿ.

ಆ ಗ್ಯಾಸಿನ ಸಮೀಕರಣ ಒಂದು ಮೆಟ್ಟಿಲು ಮೇಲಿನದು. ಸಿಲಿಂಡರಿನಲ್ಲಿ ಮುಖ್ಯವಾಗಿ ಇರುವುದು ಬ್ಯುಟೇನ್, ಪ್ರೊಪೇನ್. ಬ್ಯುಟೇನ್ ಹಿಡಿಯೋಣ, C₄H₁₀. ಅದು ಆಕ್ಸಿಜನ್ ಜೊತೆ ಉರಿದು ಕಾರ್ಬನ್ ಡೈಆಕ್ಸೈಡ್, ನೀರು ಆಗುತ್ತದೆ. ಕಾರ್ಬನ್ ನಾಲ್ಕು, ಹಾಗಾಗಿ 4CO₂. ಹೈಡ್ರೋಜನ್ ಹತ್ತು, ಒಂದು ನೀರಿಗೆ ಎರಡು, ಹಾಗಾಗಿ 5H₂O. ಕೊನೆಗೆ ಆಕ್ಸಿಜನ್: ಬಲಗಡೆ 8 ಮತ್ತು 5, ಒಟ್ಟು 13. ಎಡಗಡೆ O₂ ಜೋಡಿಜೋಡಿಯಾಗಿಯೇ ಬರುತ್ತದೆ. ಜೋಡಿಯಲ್ಲಿ 13 ಹೇಗೆ ತರುವುದು? ಆರೂವರೆ ಜೋಡಿ ಬೇಕು.

ಇಲ್ಲಿ ಅರ್ಧಕ್ಕರ್ಧ ಮಕ್ಕಳು ಪೆನ್ನು ಕೆಳಗಿಡುತ್ತಾರೆ, ಇಲ್ಲವೇ 13ನ್ನು ಸುಮ್ನೆ 14 ಮಾಡಿಬಿಡುತ್ತಾರೆ. ಹೆದರಬೇಕಿಲ್ಲ. ಆರೂವರೆ ಅಂತಲೇ ಬರೆದು, ಆಮೇಲೆ ಎಲ್ಲವನ್ನೂ ಎರಡರಿಂದ ಗುಣಿಸಿ.

2C₄H₁₀ + 13O₂ → 8CO₂ + 10H₂O

ಎಲ್ಲವನ್ನೂ ಅಂದರೆ ಎಲ್ಲವನ್ನೂ. ಆಕ್ಸಿಜನ್ ಒಂದನ್ನೇ ದುಪ್ಪಟ್ಟು ಮಾಡಿ ಬ್ಯುಟೇನನ್ನು ಒಂಟಿಯಾಗಿ ಬಿಡುವುದು ನಮ್ಮ ಹುಡುಗಿಯೂ ಮಾಡಿದ ತಪ್ಪು. ಕೊನೆಗೊಮ್ಮೆ ಎಣಿಸಿದರೆ ಸಿಕ್ಕಿಬೀಳುತ್ತದೆ: ಕಾರ್ಬನ್ 8 ಮತ್ತು 8, ಹೈಡ್ರೋಜನ್ 20 ಮತ್ತು 20, ಆಕ್ಸಿಜನ್ 26 ಮತ್ತು 26.

ಹಾಗಾದರೆ ಇವು ಯಾವ ಬಗೆಯ ಕ್ರಿಯೆಗಳು? ತಟ್ಟೆಯಲ್ಲಿ ಆದದ್ದು ವಿಭಜನೆ: ಎಡಗಡೆ ಒಂದೇ ವಸ್ತು, ಬಲಗಡೆ ಮೂರು. ಹೆಂಚಿನ ಕೆಳಗೆ ಆದದ್ದು ದಹನ. ಎರಡರಲ್ಲೂ ಕಾರ್ಬನ್ ಡೈಆಕ್ಸೈಡ್ ಬಂತು, ಎರಡರಲ್ಲೂ ನೀರು ಬಂತು, ಎರಡಕ್ಕೂ ಬಿಸಿ ನಂಟು. ಅದಕ್ಕೇ "ಗ್ಯಾಸು ಬಂತು, ಹಾಗಾಗಿ ದಹನ" ಅಂತ ಬರೆಯುವವರು ಜಾಸ್ತಿ. ಬಲಗಡೆ ಏನು ಬಂತು ಅಂತಷ್ಟೇ ನೋಡಿದರೆ ಬಗೆ ತಿಳಿಯುವುದಿಲ್ಲ. ಎಡಗಡೆ ಎಷ್ಟು ವಸ್ತು ಇದ್ದವು, ಯಾರು ಯಾರ ಜೊತೆ ಇದ್ದವರು ಯಾರ ಕಡೆ ಹೋದರು ಅಂತ ನೋಡಬೇಕು. ಸೋಡಾಕ್ಕೆ ನಿಂಬೆರಸ ಹಿಂಡಿದರೂ ಅದೇ ಗ್ಯಾಸು ಬುಸ್ ಅಂತ ಬರುತ್ತದೆ. ಅಲ್ಲಿ ಒಲೆ ಬೇಕಿಲ್ಲ. ಎಡಗಡೆ ಆಮ್ಲವೂ ಇದೆ. ಅದು ಆಮ್ಲ ಮತ್ತು ಸೋಡಾದ ಕ್ರಿಯೆ, ಬರೀ ವಿಭಜನೆ ಅಲ್ಲ.

ಅಷ್ಟೊತ್ತಿಗೆ ಹೊರಗೆ ಮಳೆ ಹಿಡಿದಿತ್ತು, ಅವ್ವ ಮಿರ್ಚಿ ಕರಿಯಲು ಕೂತಿದ್ದಳು. ಸೋಡಾ ಗಂಟು ಸರಿಯಾಗಿ ಕದಡಿರಲಿಲ್ಲ, ಅರಿಶಿನ ಹಾಕಿದ ಹಿಟ್ಟಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ. ಎಣ್ಣೆಯ ಬಿಸಿಗೆ ಆ ಗಂಟು ಮುರಿದು ಕಾರ್ಬೊನೇಟ್ ಆಗಿದೆ. ಅದು ಸೋಡಾಕ್ಕಿಂತ ಜೋರು ಕ್ಷಾರ, ಅರಿಶಿನವನ್ನು ಕೆಂಪು ಮಾಡುತ್ತದೆ. ಸೋಡಾ ಜಾಸ್ತಿಯಾದ ಮಿರ್ಚಿ ಸಾಬೂನಿನ ರುಚಿ ಬರುವುದೂ ಇದರಿಂದಲೇ.

ತಟ್ಟೆಯಲ್ಲಿ ಉಳಿದ 5.31 ಗ್ರಾಮಿಗೆ ಒಂದು ಕೆಲಸ ಬಾಕಿ ಇತ್ತು. ಅವ್ವನ ಎಲೆ-ಅಡಿಕೆ ಚೀಲದಿಂದ ಒಂದಿಷ್ಟು ಸುಣ್ಣ ತಂದು ನೀರಿನಲ್ಲಿ ಕದಡಿ ಇಟ್ಟೆವು. ಮೇಲಿನ ತಿಳಿಯನ್ನು ಮಾತ್ರ ಒಂದು ಗಾಜಿನ ಲೋಟಕ್ಕೆ ಬಸಿದು, ಕಾರ್ಬೊನೇಟ್ ಕರಗಿಸಿದ ನೀರು ಸುರಿದೆ. ತಿಳಿ ನೀರು ಹಾಲಿನಂತೆ ಬೆಳ್ಳಗಾಯಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ಪುಡಿ ಕೂತಿತು. ಇದನ್ನು ಕೈಗೆ, ಕಣ್ಣಿಗೆ ತಾಗಿಸಬೇಡಿ, ದೊಡ್ಡವರು ಪಕ್ಕದಲ್ಲಿರಲಿ. ಇಲ್ಲಿ ಜೋಡಿಗಳು ಅದಲುಬದಲಾಗಿವೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕಡೆ, ಸೋಡಿಯಂ OH ಕಡೆ. ದ್ವಿಸ್ಥಾನಪಲ್ಲಟ.

ಹುಡುಗಿ ಬರೆಯತೊಡಗಿದಳು. ಎಡಗಡೆ Na₂CO₃ + Ca(OH)₂. ಬಲಗಡೆ CaCO₃. ಆಮೇಲೆ Na₂(OH)₂ ಅಂತ ಬರೆದಳು, ಇದ್ದ ಸಣ್ಣ ಅಂಕಿಗಳನ್ನು ಹಾಗೇ ಹೊತ್ತುಕೊಂಡು. ನಾನು ಏನೂ ಹೇಳಲಿಲ್ಲ. ಒಂದು ಸೋಡಿಯಂ ಒಂದೇ OH ಹಿಡಿಯುತ್ತದೆ ಅಂತ ಅವಳಿಗೆ ಗೊತ್ತು. ಹೊಡೆದುಹಾಕಿ, ಅಂಕಿಯನ್ನು ಮುಂದಕ್ಕೆ ತಂದಳು.

Na₂CO₃ + Ca(OH)₂ → CaCO₃ + 2NaOH

ಎಣಿಸಿದಳು. ಆಕ್ಸಿಜನ್ ಐದಕ್ಕೆ ಐದು. ಆಮೇಲೆ ಬಲತುದಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು.

"ಕಾಕಾ, ನಾ ಬರದಿದ್ದ NaOH ಇಲ್ಲಿ ಬಂತಲ್ಲೋ!"