‘ತುಂಬಲಾರದ ನಷ್ಟ’ ಎಂದವರು ಮರುವಾಕ್ಯದಲ್ಲೇ ತುಂಬಿಬಿಡುತ್ತಾರೆ

ಲೆಕ್ಕಪತ್ರ ನೋಡುವವರು ಸಾವಿನ ಪತ್ರವನ್ನೂ ನೋಡಬೇಕಾಗುತ್ತದೆ ಎಂದು ಈ ವೃತ್ತಿಗೆ ಬಂದಾಗ ನನಗೆ ಯಾರೂ ಹೇಳಿರಲಿಲ್ಲ. ಸಣ್ಣ ವ್ಯವಹಾರದ ಯಜಮಾನರು ತೀರಿಕೊಂಡರೆ ಮನೆಯವರು ಒಂದೆರಡು ದಿನದಲ್ಲಿ ಕರಡು ಹಿಡಿದು ಬರುತ್ತಾರೆ: ‘ಗ್ರಾಹಕರಿಗೆ ಕಳಿಸಬೇಕು, ಒಂದು ಸಲ ಕಣ್ಣಾಡಿಸಿ.’ ಕಣ್ಣಾಡಿಸಿದರೆ ಅದೇ ಎರಡು ವಾಕ್ಯ ಅಕ್ಕಪಕ್ಕ ಕೂತಿರುತ್ತವೆ. ‘ಅವರ ಅಗಲಿಕೆ ನಮಗೆ ತುಂಬಲಾರದ ನಷ್ಟ. ನಮ್ಮ ಸೇವೆಗಳು ಎಂದಿನಂತೆ ಮುಂದುವರಿಯಲಿವೆ.’ ತುಂಬಲಾರದ ನಷ್ಟವನ್ನು ಮರುವಾಕ್ಯದಲ್ಲೇ ತುಂಬಿ ಮುಗಿಸಿರುತ್ತಾರೆ. ಓದಿದವರಿಗೆ ಎರಡನ್ನೂ ನಂಬಲಾಗುವುದಿಲ್ಲ.

ಮನೆಯವರನ್ನು ಬೈಯುವ ಮನಸ್ಸು ನನಗಿಲ್ಲ. ಆ ‘ಎಂದಿನಂತೆ’ ಹುಟ್ಟುವುದು ಭಯದಿಂದ. ಸುದ್ದಿ ತಿಳಿದ ಕೂಡಲೇ ಗಿರಾಕಿಗಳು ಕೈತಪ್ಪಿ ಹೋಗುತ್ತಾರೆ, ಕೆಲಸಗಾರರು ಬೇರೆ ಕಡೆ ನೋಡಿಕೊಳ್ಳುತ್ತಾರೆ ಎಂಬ ಭಯ. ಆದರೆ ನಾನು ಕಂಡಂತೆ ಗಿರಾಕಿಗಳು ಹೋಗುವುದು ಸಾವಿನ ಸುದ್ದಿಗಲ್ಲ. ಏನೂ ತಿಳಿಯದೆ ಕಾದು ಬೇಸತ್ತಾಗ ಹೋಗುತ್ತಾರೆ, ಇಲ್ಲವೇ ಕೊಟ್ಟ ಮಾತು ಹತ್ತೇ ದಿನದಲ್ಲಿ ಮುರಿದಾಗ ಹೋಗುತ್ತಾರೆ. ‘ಎಂದಿನಂತೆ’ ಎಂಬುದು ಮುರಿಯುವುದಕ್ಕೇ ಹುಟ್ಟಿದ ಮಾತು.

ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಷ್ಟು ಸಲ ಹೇಳಿದರೂ ನನ್ನ ಕಕ್ಷಿದಾರರ ತಲೆಗೆ ಇಳಿಯದ ಸಂಗತಿ ಇದೊಂದೇ. ಒಬ್ಬರೇ ಒಡೆಯರಾಗಿರುವ ವ್ಯವಹಾರಕ್ಕೆ ಸಾಮಾನ್ಯವಾಗಿ ಕಾನೂನಿನ ಕಣ್ಣಿನಲ್ಲಿ ಒಡೆಯರನ್ನು ಬಿಟ್ಟು ಬೇರೆ ಅಸ್ತಿತ್ವ ಇರುವುದಿಲ್ಲ. ಫಲಕದ ಮೇಲೆ ಯಾವ ಹೆಸರೇ ಇರಲಿ, ಸಾಲ, ಮುಂಗಡ, ಒಪ್ಪಂದ ಎಲ್ಲವೂ ಆ ವ್ಯಕ್ತಿಯದೇ. ಅವರು ಹೋದ ಗಳಿಗೆಯಿಂದ ಅವರ ಪರವಾಗಿ ಸಹಿ ಹಾಕುವ ಅಧಿಕಾರವೂ ಹೋಗುತ್ತದೆ. ‘ಅಪ್ಪ ನನಗೆ ಅಧಿಕಾರ ಪತ್ರ ಬರೆದುಕೊಟ್ಟಿದ್ದಾರೆ’ ಎನ್ನುವ ಮಗನಿಗೆ ನಾನು ಪ್ರತಿ ಸಲ ಹೇಳುವುದು ಇದನ್ನೇ: ಬರೆದುಕೊಟ್ಟವರ ಉಸಿರಿನ ಜೊತೆಗೆ ಆ ಪತ್ರದ ಬಲವೂ ಮುಗಿಯಿತು. ಬ್ಯಾಂಕಿಗೆ ಸುದ್ದಿ ತಲುಪಿದರೆ ಅವರೊಬ್ಬರ ಹೆಸರಿನ ಖಾತೆಯಲ್ಲಿ ವ್ಯವಹಾರ ನಿಲ್ಲುತ್ತದೆ. ಪಾಲುದಾರರಿದ್ದರೆ ಪಾಲುದಾರಿಕೆ ಪತ್ರದಲ್ಲಿ ಏನಿದೆ ಎಂಬುದು ಮುಖ್ಯ. ನೋಂದಾಯಿತ ಕಂಪನಿಯಾಗಿ ಇನ್ನೊಬ್ಬ ನಿರ್ದೇಶಕರಿದ್ದರೆ ಕಥೆಯೇ ಬೇರೆ. ನಿಮ್ಮದು ಇವುಗಳಲ್ಲಿ ಯಾವುದು ಎಂದು ವಕೀಲರನ್ನು ಕೇಳದೆ ನನ್ನ ಅಂಕಣ ನಂಬಿ ಹೆಜ್ಜೆ ಇಡಬೇಡಿ. ಅದು ತಿಳಿಯುವ ಮೊದಲೇ ‘ಮುಂದುವರಿಯಲಿದೆ’ ಎಂದು ಬರೆಯಲೂಬೇಡಿ, ಆ ಮಾತು ಕೊಡುವ ಹಕ್ಕು ಆ ಹೊತ್ತಿಗೆ ಯಾರ ಕೈಯಲ್ಲೂ ಇಲ್ಲದಿರಬಹುದು.

ಒಂದು ಮರಗೆಲಸದ ಕಾರ್ಯಾಗಾರದ ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅಡುಗೆಮನೆ ಕಪಾಟು, ವಾರ್ಡ್‌ರೋಬು ಮಾಡುವ ಜಾಗ, 6 ಜನ ಕೆಲಸಗಾರರು. ಯಜಮಾನರು ಗುರುವಾರ ರಾತ್ರಿ ಹಠಾತ್ತಾಗಿ ತೀರಿಕೊಂಡರು. ಶುಕ್ರವಾರ ಬೆಳಿಗ್ಗೆ ಮಗಳು ಫೋನ್ ಮಾಡಿದಾಗ ಅಪ್ಪನ ಮೊಬೈಲಿನಲ್ಲಿದ್ದ 400 ಸಂಖ್ಯೆಗಳಿಗೂ ಒಂದೇ ಏಟಿಗೆ ಸಂದೇಶ ಕಳಿಸುವ ತಯಾರಿಯಲ್ಲಿದ್ದರು. ಮೇಲೆ ಅಪ್ಪನ ಫೋಟೊ, ಕೆಳಗೆ ಕಾರ್ಯಾಗಾರದ ಲಾಂಛನ, ನಡುವೆ ಅದೇ ‘ಎಂದಿನಂತೆ’.

ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಮೇಸ್ತ್ರಿಗೆ ಹೇಳಿದ್ದೀರಾ?’

ಹೇಳಿರಲಿಲ್ಲ. ಸಂದೇಶ ನೋಡಿ ಅವರಿಗೂ ಗೊತ್ತಾಗುತ್ತದೆ ಎಂದುಕೊಂಡಿದ್ದರು. 19 ವರ್ಷ ಜೊತೆಗಿದ್ದ ಮನುಷ್ಯನಿಗೆ ತನ್ನ ಯಜಮಾನರ ಸಾವು ಗಿರಾಕಿಯೊಬ್ಬ ಫಾರ್ವರ್ಡ್ ಮಾಡಿದ ಸಂದೇಶದಿಂದ ತಿಳಿಯಬಾರದು. ಮೊದಲು ಕೆಲಸಗಾರರು, ಅದೂ ಬಾಯಿಮಾತಿನಲ್ಲಿ. ರಜೆಯಲ್ಲಿದ್ದವರಿಗೂ ಹೊರಗೆ ಫಿಟ್ಟಿಂಗಿಗೆ ಹೋದವರಿಗೂ ಒಬ್ಬೊಬ್ಬರಿಗೇ ಕರೆ ಮಾಡಬೇಕು. 6 ಜನಕ್ಕೆ ಅರ್ಧ ಗಂಟೆ ಸಾಕು. ಸುದ್ದಿ ಕೇಳಿದ ಮೇಲೆ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ, ಸಂಕೋಚ. ನೀವೇ ಹೇಳಬೇಕು: ನಾಳೆ ಬರಬೇಕೋ ಬೇಡವೋ, ಈ ತಿಂಗಳ ಸಂಬಳದ ಸಂಗತಿ ಏನು, ಯಾರ ಮಾತು ಕೇಳಬೇಕು. ಸಂಬಳದ ಬಗ್ಗೆ ಖಚಿತವಿಲ್ಲದಿದ್ದರೆ ‘ಯಾವ ದಿನ ಎಂದು ಇಂಥ ದಿನದೊಳಗೆ ಹೇಳುತ್ತೇವೆ’ ಎನ್ನಿ. ಮಗಳು ಹಾಗೇ ಹೇಳಿದರು. ಮೇಸ್ತ್ರಿ ಬಹಳ ಹೊತ್ತು ಸುಮ್ಮನಿದ್ದು, ‘ಅಮ್ಮಾ, ಫೋನ್ ಬಂದ್ರೆ ಏನಂತ ಹೇಳ್ಲಿ?’ ಎಂದರಂತೆ.

ಒಳ್ಳೆಯ ಪ್ರಶ್ನೆ. ನಮ್ಮ ಭಾಷೆಯಲ್ಲಿ ಅದು ಇನ್ನೂ ಕಷ್ಟದ್ದು. ಫೋನ್ ಎತ್ತಿದ ಹುಡುಗ ಬಾಯಿ ಬಾರದೆ ‘ಯಜಮಾನ್ರು ಇಲ್ಲ’ ಎನ್ನುತ್ತಾನೆ. ಆ ಕಡೆಯಿಂದ ‘ಎಷ್ಟೊತ್ತಿಗೆ ಬರ್ತಾರೆ?’ ಎಂಬ ಪ್ರಶ್ನೆ. ಅಲ್ಲಿಂದ ಮುಂದೆ ಇಬ್ಬರಿಗೂ ಆಗುವ ಪೇಚು ಹೇಳತೀರದು. ಬರಹದಲ್ಲೂ ಇದೇ ಗೊಂದಲ. ‘ಇನ್ನು ಮುಂದೆ ಅವರು ನಮ್ಮೊಂದಿಗಿಲ್ಲ’ ಎಂಬ ಪತ್ರ ಓದಿ, ಪಾಲುದಾರರ ಜೊತೆ ಜಗಳವಾಗಿ ಹೊರಗೆ ಹೋದರೇನೋ ಎಂದುಕೊಂಡು ಹೊಸ ವಿಳಾಸ ಕೇಳಿದ ಗಿರಾಕಿಯನ್ನು ನಾನು ನೋಡಿದ್ದೇನೆ. ‘ನಿಧನರಾದರು’ ಎಂದು ಬರೆಯಿರಿ, ಮಾತಿನಲ್ಲಿ ‘ತೀರಿಕೊಂಡರು’ ಎನ್ನಿ. ಎರಡೂ ಗೌರವದ ಪದಗಳೇ. ‘ವಿಧಿಯ ಕ್ರೂರ ಲೀಲೆಗೆ’, ‘ದಿವ್ಯ ಜ್ಯೋತಿಯಲ್ಲಿ ಲೀನ’ ಇವೆಲ್ಲ ಮನೆಯವರು ಬೇರೆ ಕಡೆ ಹಾಕಿಕೊಳ್ಳಲಿ. ಕಪಾಟಿಗೆ ಮುಂಗಡ ಕೊಟ್ಟವರಿಗೆ ಬರೆಯುವ ಪತ್ರಕ್ಕೆ ಅವು ಹೊಂದುವುದಿಲ್ಲ. ಸಾವಿನ ಕಾರಣವನ್ನೂ ಬರೆಯಬೇಡಿ. ಫೋನಿನಲ್ಲಿ ಕೇಳಿದರೆ ‘ಮನೆಯವರು ಅದರ ಬಗ್ಗೆ ಮಾತಾಡುವ ಸ್ಥಿತಿಯಲ್ಲಿಲ್ಲ’ ಎಂದರೆ ಸಾಕು.

ಮಗಳ 400 ಸಂಖ್ಯೆಗಳನ್ನು ಆ ಮಧ್ಯಾಹ್ನ ಕೂತು ವಿಂಗಡಿಸಿದೆವು. ಕೆಲಸ ನಡೆಯುತ್ತಿದ್ದವರು 14 ಮಂದಿ. ಅವರಿಗೆ ಸಂದೇಶವಲ್ಲ, ಮೊದಲು ಕರೆ, ಆಮೇಲೆ ಪತ್ರ. ಆಗಾಗ ಬರುವವರು, ಮರ ಮತ್ತು ಹಾರ್ಡ್‌ವೇರ್ ಒದಗಿಸುವವರು ಸುಮಾರು 50. ಅವರಿಗೆ ಪತ್ರ. ಉಳಿದವರಲ್ಲಿ ಬಹಳಷ್ಟು ಮಂದಿ ಎಂದೋ ಒಮ್ಮೆ ದರ ಕೇಳಿದವರು, ಅವರಿಗೆ ಏನೂ ಬೇಡ ಎಂದೆ. ಮಗಳಿಗೆ ಬೇಸರವಾಯಿತು. ‘ಅಪ್ಪನನ್ನು ಎಷ್ಟು ಜನ ಬಲ್ಲವರು ಅಂತ ಗೊತ್ತಾಗಬೇಡವಾ?’ ನನಗೆ ಉತ್ತರ ತೋಚಲಿಲ್ಲ. ಕೊನೆಗೆ ಅವರು ಬಾಗಿಲಿಗೆ ಒಂದು ಸೂಚನೆ ಅಂಟಿಸಿದರು. ಅದೂ ಸರಿಯೇ.

ಪತ್ರ ಹೀಗಾಯಿತು:

‘ಮಾನ್ಯರೇ, ನಮ್ಮ ಕಾರ್ಯಾಗಾರದ ಯಜಮಾನರಾದ ಇಂಥವರು ಗುರುವಾರ ರಾತ್ರಿ ನಿಧನರಾದರು ಎಂದು ತಿಳಿಸಲು ವಿಷಾದಿಸುತ್ತೇವೆ. ಇಲ್ಲಿ ಮಾಡಿದ ಪ್ರತಿಯೊಂದು ಕೆಲಸದ ಅಳತೆಯನ್ನೂ ಅವರೇ ಖುದ್ದಾಗಿ ತೆಗೆಯುತ್ತಿದ್ದರು. ಕಾರ್ಯಾಗಾರ ಬುಧವಾರದವರೆಗೆ ಮುಚ್ಚಿರುತ್ತದೆ. ನೀವು ಒಪ್ಪಿಸಿದ ಕೆಲಸ ಮತ್ತು ಕೊಟ್ಟ ಮುಂಗಡದ ವಿವರ ನಮ್ಮ ಬಳಿ ಇದೆ. ಅದರ ಮುಂದಿನ ಸಂಗತಿಯನ್ನು ಬರುವ ಶುಕ್ರವಾರ ನಿಮಗೆ ತಿಳಿಸುತ್ತೇವೆ. ಅಲ್ಲಿಯವರೆಗೆ ಕೇಳುವುದಿದ್ದರೆ ಮೇಸ್ತ್ರಿಯವರಿಗೆ ಈ ಸಂಖ್ಯೆಗೆ ಕರೆ ಮಾಡಿ.’

ಕೆಳಗೆ ಮಗಳ ಹೆಸರು, ಮೇಸ್ತ್ರಿಯ ಹೆಸರು. ‘ಆಡಳಿತ ಮಂಡಳಿ’ ಎಂದು ಹಾಕಿಕೊಳ್ಳಲು ಅಲ್ಲಿ ಮಂಡಳಿ ಇರಲಿಲ್ಲ. ಯಜಮಾನರ ಬಗ್ಗೆ ಇರುವುದು ಒಂದೇ ವಾಕ್ಯ, ಅಳತೆಯದು. ‘ಸರಳ, ಸಜ್ಜನ, ಸ್ನೇಹಜೀವಿ’ ಎಂದು ಮೊದಲ ಕರಡಿನಲ್ಲಿತ್ತು. ಅದು ಯಾರಿಗೆ ಬೇಕಾದರೂ ಒಪ್ಪುತ್ತದೆ. ಮೊಣಕಾಲೂರಿ ಟೇಪು ಹಿಡಿದು ಗೋಡೆಯ ಮೂಲೆ ಅಳೆಯುತ್ತಿದ್ದ ಮನುಷ್ಯನನ್ನು ಆ 14 ಮನೆಯವರೂ ಕಣ್ಣಾರೆ ಕಂಡಿದ್ದರು.

‘ಮುಂಗಡದ ವಿವರ ನಮ್ಮ ಬಳಿ ಇದೆ’ ಎಂಬ ವಾಕ್ಯವನ್ನು ನಾವು ಸುಮ್ಮನೆ ಬರೆಯಲಿಲ್ಲ. ಮುಂಗಡ ಕೊಟ್ಟವರು 9 ಮಂದಿ, ರಸೀದಿ ಪುಸ್ತಕದಲ್ಲಿ ಸಿಕ್ಕಿದ್ದು 7. ಉಳಿದ ಎರಡು ಯಜಮಾನರ ಜೇಬಿನ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಲ್ಲಿದ್ದವು. ಅಳತೆಗಳೂ ಅದರಲ್ಲೇ. ಆ ಪುಸ್ತಕ ಅವರ ಅಂಗಿಯ ಜೊತೆ ಆಸ್ಪತ್ರೆಯಿಂದ ಬಂದ ಚೀಲದಲ್ಲಿತ್ತು, ಶನಿವಾರ ಸಿಕ್ಕಿತು. ಪತ್ರ ಹೋದದ್ದು ಅದಾದ ಮೇಲೆ. ಕರೆಗಳನ್ನು ಮಾತ್ರ ಶುಕ್ರವಾರವೇ ಮಾಡಿ ಮುಗಿಸಿದ್ದೆವು, ಅವುಗಳಲ್ಲಿ ಮುಂಗಡದ ಮಾತು ತೆಗೆದಿರಲಿಲ್ಲ.

ಹಣ ಕೇಳುವ ಮಾತನ್ನು ಸಾವಿನ ಪತ್ರದಿಂದ ದೂರ ಇಡಬೇಕು ಎನ್ನುವುದಕ್ಕೆ ಸಭ್ಯತೆಯೊಂದೇ ಕಾರಣವಲ್ಲ. ‘ಯಜಮಾನರು ನಿಧನರಾಗಿದ್ದಾರೆ, ಬಾಕಿಯನ್ನು ಈ ಹೊಸ ಖಾತೆಗೆ ಹಾಕಿ’ ಎಂಬುದು ವಂಚಕರು ಬರೆಯುವ ಪತ್ರದ ಮಾದರಿಯೇ. ಎಚ್ಚರದ ಗಿರಾಕಿ ಅದನ್ನು ನಂಬಬಾರದು, ನಂಬದಿದ್ದರೆ ಸಾವಿನ ಸುದ್ದಿಯನ್ನೂ ನಂಬುವುದಿಲ್ಲ. ಖಾತೆ ಬದಲಾಗುವುದಿದ್ದರೆ ಅದು ಕಾನೂನುಬದ್ಧವಾದ ಮೇಲೆ ಬೇರೆ ಪತ್ರದಲ್ಲಿ ತಿಳಿಸಿ, ಗಿರಾಕಿಗೆ ಮೊದಲಿಂದ ಪರಿಚಯವಿರುವ ದನಿಯಿಂದ ಫೋನಿನಲ್ಲಿ ಖಚಿತಪಡಿಸಿ.

ಇಷ್ಟೆಲ್ಲ ಎಚ್ಚರ ವಹಿಸಿಯೂ ನಾವು ಒಂದು ಕಡೆ ಎಡವಿದೆವು, ತಪ್ಪು ನನ್ನದೇ. ಬಿಲ್ಲಿಂಗ್ ತಂತ್ರಾಂಶದಲ್ಲಿ ಬಾಕಿ ನೆನಪಿಸುವ ಸಂದೇಶ ತಾನಾಗಿಯೇ ಹೋಗುವಂತೆ ಮಾಡಿಟ್ಟವರು ನಾನು. ನಿಲ್ಲಿಸಲು ಮರೆತೆ. ಸೋಮವಾರ ಬೆಳಿಗ್ಗೆ 10 ಗಂಟೆಗೆ ನಾಲ್ವರಿಗೆ ಯಜಮಾನರ ಹೆಸರಿನಲ್ಲಿ, ಅವರ ಫೋಟೊದ ಜೊತೆಗೆ ಹೋಯಿತು: ‘ನಮಸ್ಕಾರ, ಹೇಗಿದ್ದೀರಿ? ನಿಮ್ಮ ಬಾಕಿ ಮೊತ್ತ…’ ಹಿಂದಿನ ದಿನವಷ್ಟೇ ಮಗಳ ಕೈ ಹಿಡಿದು ಅತ್ತು ಹೋಗಿದ್ದ ಹೆಂಗಸೊಬ್ಬರಿಗೂ ಹೋಯಿತು. ನಾಲ್ವರಿಗೂ ನಾನೇ ಕರೆ ಮಾಡಿ ಕ್ಷಮೆ ಕೇಳಿದೆ. ಈಗ ಮೊದಲ ಗಂಟೆಯಲ್ಲೇ ನೋಡುತ್ತೇನೆ: ತಾನಾಗಿ ಹೋಗುವ ನೆನಪೋಲೆಗಳು, ಹುಟ್ಟುಹಬ್ಬದ ಶುಭಾಶಯಗಳು, ಮೊದಲೇ ಹೊತ್ತು ಗೊತ್ತುಮಾಡಿಟ್ಟ ಜಾಹೀರಾತುಗಳು, ‘ಸದ್ಯ ಪ್ರವಾಸದಲ್ಲಿದ್ದೇನೆ’ ಎನ್ನುವ ಇಮೇಲ್ ಉತ್ತರ.

ಹೇಳಿದ ಶುಕ್ರವಾರವೇ ಎರಡನೇ ಪತ್ರ ಹೋಯಿತು. ಹೇಳಲು ಹೆಚ್ಚೇನೂ ಇಲ್ಲದಿದ್ದರೂ ಹೇಳಿದ ದಿನಕ್ಕೇ ಬರೆಯಬೇಕು. ಮರ ಕತ್ತರಿಸಿ ಮುಗಿದಿದ್ದ 3 ಕೆಲಸಗಳನ್ನು ವಕೀಲರ ಒಪ್ಪಿಗೆ ಪಡೆದು, ಮನೆಯವರ ಜವಾಬ್ದಾರಿಯಲ್ಲಿ ಮುಗಿಸುವುದೆಂದಾಯಿತು. ಉಳಿದ 11 ಮಂದಿಗೆ ‘ನೀವು ಬೇರೆಯವರಿಗೆ ಕೊಡಲು ಸ್ವತಂತ್ರರು, ಅಳತೆಯ ಪ್ರತಿ ಕಳಿಸಿಕೊಡುತ್ತೇವೆ, ಮುಂಗಡ ಕೊಟ್ಟಿದ್ದರೆ ಅದನ್ನು ಯಜಮಾನರು ಕೊಡಬೇಕಿದ್ದ ಬಾಕಿಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದೇವೆ’ ಎಂದು ಬರೆದೆವು. ಮರಳಿಸುವ ದಿನಾಂಕ ಬರೆಯಲಿಲ್ಲ. ಅದು ವಾರಸುದಾರಿಕೆ ಇತ್ಯರ್ಥವಾಗುವುದರ ಮೇಲಿತ್ತು. ಆ 11ರಲ್ಲಿ 5 ಮಂದಿ ಬೇರೆ ಕಡೆ ಹೋದರು, 6 ಮಂದಿ ಕಾಯುತ್ತೇವೆ ಎಂದರು.

ಯಜಮಾನರ ಮೊಬೈಲ್ ಮೊದಲ ವಾರ ಮೇಸ್ತ್ರಿಯ ಬಳಿಯೇ ಇತ್ತು. ಅದರಲ್ಲಿ ದನಿ ಸಂದೇಶ ಬಿಡುವ ವ್ಯವಸ್ಥೆ ಇತ್ತು, ಎತ್ತದಿದ್ದರೆ ಯಜಮಾನರದೇ ದನಿ ಕೇಳುತ್ತಿತ್ತು. ಅದನ್ನು ತೆಗೆಸೋಣ ಎಂದರೆ ಮಗಳು, ಸ್ವಲ್ಪ ದಿನ ಇರಲಿ ಎಂದರು. ಹಾಗಾಗಿ ಮೇಸ್ತ್ರಿ ಫೋನ್ ಎರಡನೇ ಸಲ ರಿಂಗಾಗುವ ಮುಂಚೆಯೇ ಎತ್ತಿ, ಹೆಸರು ಹೇಳಿ, ಮೊದಲ ವಾಕ್ಯದಲ್ಲೇ ಸುದ್ದಿ ತಿಳಿಸಿಬಿಡುತ್ತಿದ್ದರು.